ಸಂಪಾಜೆ ಘಾಟಿಗೆ ಒಂದೇ ಗೇರ್ ಸಾಕಾಗುವುದು ಹೇಗೆ?

ಕೊಡಗಿನಲ್ಲಿ ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವುದು ಬ್ಯಾಟರಿಯ ಬಗ್ಗೆ. ಎರಡನೆಯದು ಗೇರಿನ ಬಗ್ಗೆ. "ಗೇರೇ ಇಲ್ವಂತಲ್ಲ, ಘಾಟಿ ಹತ್ತುತ್ತಾ?" ಈ ಅನುಮಾನ ಬರುವುದು ಸಹಜ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಾಗ ಎಷ್ಟು ಸಲ ಸೆಕೆಂಡಿಗೆ ಹಾಕಬೇಕು, ಮಾಕುಟ್ಟ ಕಡೆಯ ಏರಿನಲ್ಲಿ ಎಷ್ಟು ಸಲ ಫಸ್ಟಿಗೆ ಇಳಿಯಬೇಕು ಅಂತ ನಮ್ಮ ಎಡಗಾಲಿಗೇ ಗೊತ್ತು. ಇಷ್ಟೆಲ್ಲ ಗೇರ್ ಬದಲಿಸಿ ಹತ್ತುವ ಜಾಗವನ್ನು ಒಂದೇ ಗೇರಿನ ಗಾಡಿ ಹತ್ತುತ್ತದೆ ಅಂದರೆ ನಂಬೋದು ಕಷ್ಟ ಅಲ್ವಾ?

ಹತ್ತುತ್ತದೆ, ಅದೂ ಆರಾಮಾಗಿ. ಯಾಕೆ ಅಂತ ಅರ್ಥವಾಗಬೇಕಾದರೆ ಮೊದಲು ಪೆಟ್ರೋಲ್ ಕಾರಿಗೆ ಅಷ್ಟೊಂದು ಗೇರ್ ಯಾಕೆ ಬೇಕು ಅನ್ನೋದನ್ನು ನೋಡಬೇಕು.

ನಮ್ಮೂರಲ್ಲಿ ಎಲ್ಲೆಲ್ಲೂ ಕಾಣುವಂಥ 1.2 ಲೀಟರ್ ಪೆಟ್ರೋಲ್ ಕಾರನ್ನೇ ತೆಗೆದುಕೊಳ್ಳೋಣ. ಅದರ ಇಂಜಿನ್ ಕೊಡುವ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 110 ನ್ಯೂಟನ್ ಮೀಟರ್. ಅದೂ ನಿಮಿಷಕ್ಕೆ 4000 ಸುತ್ತು, ಅಂದರೆ 4000 ಆರ್‌ಪಿಎಂ ಆಸುಪಾಸಿನಲ್ಲಿ ಮಾತ್ರ. ಇಂಜಿನ್ ಉಸಿರಾಡಬೇಕು, ಪೆಟ್ರೋಲ್ ಸುಡಬೇಕು, ಅದಕ್ಕೆ ಕನಿಷ್ಠ ವೇಗ ಅಂತ ಒಂದಿದೆ. 800 ಆರ್‌ಪಿಎಂಗಿಂತ ಕೆಳಗೆ ಹೋದರೆ ಅದು ಆಫ್ ಆಗುತ್ತದೆ. 6000 ದಾಟಿದರೆ ಗಾಳಿ ತುಂಬಿಕೊಳ್ಳಲು ಸಮಯ ಸಾಲದೆ ಸುಸ್ತಾಗುತ್ತದೆ. ನಿಜವಾಗಿ ಚೆನ್ನಾಗಿ ಎಳೆಯುವುದು ಸುಮಾರು 1500ರಿಂದ 6000ದವರೆಗೆ. ಅಂದರೆ ಕೆಳಗಿನ ವೇಗಕ್ಕೂ ಮೇಲಿನ ವೇಗಕ್ಕೂ ನಾಲ್ಕು ಪಟ್ಟು ಅಂತರ. ರಸ್ತೆಯಲ್ಲಿ ಕಾರು ಓಡಬೇಕಾದದ್ದು ಗಂಟೆಗೆ 5 ಕಿ.ಮೀ.ನಿಂದ 150 ಕಿ.ಮೀ.ವರೆಗೆ. ಅದು ಮೂವತ್ತು ಪಟ್ಟು. ಆ ನಾಲ್ಕು ಪಟ್ಟನ್ನು ಮೂವತ್ತು ಪಟ್ಟಿಗೆ ಹಿಗ್ಗಿಸುವ ಕೆಲಸವೇ ಗೇರ್‌ಬಾಕ್ಸಿನದು.

ಇಂಥ ಕಾರಿಗೆ ಒಂದೇ ಗೇರ್ ಇದ್ದಿದ್ದರೆ ಏನಾಗುತ್ತಿತ್ತು? ಫಸ್ಟ್ ಗೇರ್ ಮಾತ್ರ ಇದೆ ಅಂದುಕೊಳ್ಳಿ. ಎಲ್ಲ ಹಲ್ಲುಗಳ ಲೆಕ್ಕ ಸೇರಿಸಿದರೆ ಫಸ್ಟಿನಲ್ಲಿ ಇಂಜಿನ್ 14 ಸುತ್ತು ಚಿಲ್ಲರೆ ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಎಳೆತ ಚೆನ್ನಾಗಿರುತ್ತದೆ, ಆದರೆ 6000 ಆರ್‌ಪಿಎಂ ಮುಟ್ಟುವಾಗ ಗಾಡಿ ಗಂಟೆಗೆ 47 ಕಿ.ಮೀ.ನಲ್ಲಿರುತ್ತದೆ. ಅಲ್ಲಿಗೆ ಮುಗಿಯಿತು. ಐದನೇ ಗೇರ್ ಮಾತ್ರ ಇದ್ದರೆ? ಆಗ 3.3 ಸುತ್ತಿಗೆ ಒಂದು ಸುತ್ತು. ಮೈಸೂರು ರಸ್ತೆಯಲ್ಲಿ ಓಡಿಸಲು ಸೊಗಸು. ಆದರೆ ಇಂಜಿನ್ ಆಫ್ ಆಗದಂತೆ ಕ್ಲಚ್ ಪೂರ್ತಿ ಬಿಟ್ಟು ಹೋಗಬೇಕಾದರೆ ಗಂಟೆಗೆ 27 ಕಿ.ಮೀ. ಆದರೂ ಬೇಕು. ಅದಕ್ಕಿಂತ ನಿಧಾನ ಹೋಗೋ ಹಾಗೇ ಇಲ್ಲ.

ಈಗ ಇದೇ ಕಾರನ್ನು ಘಾಟಿಗೆ ತರೋಣ. 12 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೇರುವ ಏರು ಅಂತ ಇಟ್ಟುಕೊಳ್ಳಿ. ಜನ ಕೂತ ಮೇಲೆ ಕಾರಿನ ತೂಕ 1400 ಕೆಜಿ. ಆ ತೂಕದ ಹನ್ನೆರಡರಲ್ಲಿ ಒಂದು ಭಾಗ, ಅಂದರೆ ಸುಮಾರು 117 ಕೆಜಿ, ಗಾಡಿಯನ್ನು ಹಿಂದಕ್ಕೆ ಎಳೆಯುತ್ತಿರುತ್ತದೆ. ಟೈರು ಉರುಳುವುದಕ್ಕೆ, ಗಾಳಿ ಸೀಳುವುದಕ್ಕೆ ಇನ್ನೊಂದಿಷ್ಟು ಸೇರಿಸಿ. ಒಟ್ಟು 140 ಕೆಜಿಯಷ್ಟು ಬಲ ಬೇಕು. ಗಂಟೆಗೆ 40 ಕಿ.ಮೀ.ನಲ್ಲಿ ಐದನೇ ಗೇರಿನಲ್ಲಿ ಇಂಜಿನ್ 1200 ಆರ್‌ಪಿಎಂ ಹತ್ತಿರ ಇರುತ್ತದೆ. ಚಕ್ರದ ಬುಡದಲ್ಲಿ ಸಿಗುವ ಬಲ 90 ಕೆಜಿಯಷ್ಟೇ. ಗಾಡಿ ಬಡಿಯುತ್ತದೆ, ಜಗ್ಗುತ್ತದೆ, ನಿಲ್ಲುತ್ತದೆ. ಮೂರನೇ ಗೇರಿನಲ್ಲಿ 170 ಕೆಜಿ ಸಿಗುತ್ತದೆ, ಹೇಗೋ ಹೋಗುತ್ತದೆ, ಆದರೆ ಮುಂದಿನ ಲಾರಿಯನ್ನು ಹಿಂದೆ ಹಾಕಲು ದಮ್ಮಿರುವುದಿಲ್ಲ. ಸೆಕೆಂಡಿಗೆ ಹಾಕಿದಾಗ 280 ಕೆಜಿ. ಘಾಟಿಯಲ್ಲಿ ಸೆಕೆಂಡ್ ಗೇರೇ ನಮ್ಮ ಕೈಗೆ ರೂಢಿಯಾಗಿರುವುದು ಇದಕ್ಕೇ.

ಮೋಟಾರಿನ ಸ್ವಭಾವ ಬೇರೆ. ಅದರೊಳಗೆ ಏನೂ ಸುಡುವುದಿಲ್ಲ, ಅದು ಉಸಿರಾಡಬೇಕಿಲ್ಲ. ತಂತಿ ಸುರುಳಿಯಲ್ಲಿ ಕರೆಂಟ್ ಹರಿದಾಗ ಉಂಟಾಗುವ ಅಯಸ್ಕಾಂತದ ಬಲ ಒಳಗೆ ತಿರುಗುವ ಭಾಗವಾದ ರೋಟರನ್ನು ತಳ್ಳುತ್ತದೆ. ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟು ಟಾರ್ಕ್. ರೋಟರ್ ನಿಂತಿದೆಯೋ ತಿರುಗುತ್ತಿದೆಯೋ ಅನ್ನುವುದಕ್ಕೂ ಈ ಟಾರ್ಕಿಗೂ ನೇರ ಸಂಬಂಧ ಇಲ್ಲ. ಅದಕ್ಕೇ ಶೂನ್ಯ ಆರ್‌ಪಿಎಂನಲ್ಲೂ ಪೂರ್ತಿ ಟಾರ್ಕ್ ಸಿಗುತ್ತದೆ. ಮೋಟಾರಿಗೆ ಐಡಲಿಂಗ್ ಇಲ್ಲ, ಹಾಗಾಗಿ ಕ್ಲಚ್ಚೂ ಬೇಕಿಲ್ಲ. ಹಿಂದಕ್ಕೆ ಹೋಗಬೇಕಾದರೆ ಕರೆಂಟಿನ ಕ್ರಮ ಬದಲಿಸಿದರೆ ಆಯಿತು, ಮೋಟಾರ್ ಉಲ್ಟಾ ತಿರುಗುತ್ತದೆ. ರಿವರ್ಸ್ ಗೇರಿನ ಹಲ್ಲುಗಳೂ ಉಳಿದವು.

ಆದರೆ ಈ ಪೂರ್ತಿ ಟಾರ್ಕ್ ಕೊನೆಯವರೆಗೂ ಇರುವುದಿಲ್ಲ. ಇಲ್ಲೇ ಮುಖ್ಯ ವಿಷಯ ಇರುವುದು, ಸ್ವಲ್ಪ ನಿಧಾನವಾಗಿ ನೋಡೋಣ. ಮೋಟಾರ್ ತಿರುಗುವಾಗ ಅದೇ ಸಮಯಕ್ಕೆ ಜನರೇಟರ್ ಕೂಡ ಆಗಿರುತ್ತದೆ. ತಿರುಗಿದಷ್ಟೂ ಅದರೊಳಗೆ ಎದುರು ವೋಲ್ಟೇಜ್ ಹುಟ್ಟುತ್ತದೆ. ಬ್ಯಾಟರಿಯ ವೋಲ್ಟೇಜ್ ಈ ಎದುರು ವೋಲ್ಟೇಜನ್ನು ಮೀರಿ ಕರೆಂಟನ್ನು ಒಳಗೆ ತಳ್ಳಬೇಕು. ವೇಗ ಕಮ್ಮಿ ಇರುವಾಗ ಅದು ಸುಲಭ. ಒಂದು ಹಂತದಲ್ಲಿ ಎರಡೂ ಹೆಚ್ಚುಕಮ್ಮಿ ಸಮ ಆಗುತ್ತವೆ. ಅಲ್ಲಿಂದ ಮುಂದೆ ಪೂರ್ತಿ ಟಾರ್ಕ್ ಕೊಡುವಷ್ಟು ಕರೆಂಟ್ ತಳ್ಳಲು ಆಗುವುದಿಲ್ಲ. ಆಗ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದಂತೆ ಬದಲಿಸಿ ಕೊಡುವ ಇನ್ವರ್ಟರ್ ಒಂದು ಉಪಾಯ ಮಾಡುತ್ತದೆ. ಸುರುಳಿಯಲ್ಲಿ ಹರಿಯುವ ಕರೆಂಟಿನ ಒಂದು ಭಾಗವನ್ನು ಅಯಸ್ಕಾಂತದ ಕ್ಷೇತ್ರವನ್ನು ತಗ್ಗಿಸಲು ಬಳಸುತ್ತದೆ. ಕ್ಷೇತ್ರ ತಗ್ಗಿದರೆ ಎದುರು ವೋಲ್ಟೇಜೂ ತಗ್ಗುತ್ತದೆ, ಮೋಟಾರ್ ಇನ್ನೂ ಜೋರಾಗಿ ತಿರುಗಬಹುದು. ಬದಲಿಗೆ ಟಾರ್ಕ್ ಕಮ್ಮಿಯಾಗುತ್ತದೆ. ವೇಗ ಎರಡು ಪಟ್ಟಾದರೆ ಟಾರ್ಕ್ ಅರ್ಧ. ಎರಡನ್ನೂ ಗುಣಿಸಿದರೆ ಬರುವ ಪವರ್ ಮಾತ್ರ ಹಾಗೇ ಉಳಿಯುತ್ತದೆ.

ಪೆಟ್ರೋಲ್ ಕಾರಿನಲ್ಲಿ ಸೆಕೆಂಡಿನಿಂದ ಮೇಲಿನ ಗೇರಿಗೆ ಹೋದಾಗ ಆಗುವುದೂ ಇದೇ. ವೇಗ ಹೆಚ್ಚುತ್ತದೆ, ಚಕ್ರದ ಬಲ ಕಮ್ಮಿಯಾಗುತ್ತದೆ, ಇಂಜಿನ್ನಿನ ಪವರ್ ಅಷ್ಟೇ ಇರುತ್ತದೆ. ಅಲ್ಲಿ ಹಲ್ಲು ಬದಲಿಸಿ ಮಾಡುವ ಕೆಲಸವನ್ನು ಇಲ್ಲಿ ಇನ್ವರ್ಟರ್ ಕರೆಂಟ್ ಬದಲಿಸಿ ಮಾಡುತ್ತದೆ. ಅದೂ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಒಂದೇ ಸಮನೆ. ಎಲೆಕ್ಟ್ರಿಕ್ ಕಾರಿನಲ್ಲಿ ಗೇರ್ ಬದಲಾವಣೆ ಇಲ್ಲ ಅನ್ನುವುದಕ್ಕಿಂತ ಅದು ಮೋಟಾರಿನ ಒಳಗೇ ನಡೆಯುತ್ತದೆ ಅನ್ನುವುದು ಹೆಚ್ಚು ಸರಿ.

ಲೆಕ್ಕ ಹಾಕಿ ನೋಡೋಣ. 95 ಕಿಲೋವ್ಯಾಟ್, 245 ನ್ಯೂಟನ್ ಮೀಟರ್ ಮೋಟಾರಿನ ಒಂದು ಕಾರು. ನಾಲ್ಕು ಜನ, ಸಾಮಾನು ಎಲ್ಲ ಸೇರಿ 1800 ಕೆಜಿ. ಮೋಟಾರಿಗೂ ಚಕ್ರಕ್ಕೂ ನಡುವೆ ಒಂದೇ ಗೇರ್, ಒಂಬತ್ತಕ್ಕೆ ಒಂದು. ಮೋಟಾರ್ ಒಂಬತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು, ಟಾರ್ಕ್ ಒಂಬತ್ತು ಪಟ್ಟು. ಮಾರುಕಟ್ಟೆಯ ಎಷ್ಟೋ ಕಾರುಗಳ ಅನುಪಾತ ಇದರ ಅಕ್ಕಪಕ್ಕದಲ್ಲೇ ಇದೆ. ಟೆಸ್ಲಾ ಮಾಡೆಲ್ 3ರದ್ದು ಒಂಬತ್ತರ ಹತ್ತಿರ, ನಿಸಾನ್ ಲೀಫಿನದು ಎಂಟರ ಹತ್ತಿರ.

ನಮ್ಮ ಲೆಕ್ಕದ ಕಾರಿನ ಚಕ್ರಕ್ಕೆ ಸಿಗುವ ಟಾರ್ಕ್ ಸುಮಾರು 2200 ನ್ಯೂಟನ್ ಮೀಟರ್. ರಸ್ತೆಯನ್ನು ತಳ್ಳುವ ಬಲವಾಗಿ ಹೇಳಿದರೆ 720 ಕೆಜಿ. ಅದೇ ಹನ್ನೆರಡಕ್ಕೆ ಒಂದರ ಏರು ಹತ್ತಲು ಬೇಕಾದದ್ದು? 1800ರ ಹನ್ನೆರಡನೇ ಒಂದು ಭಾಗ 150 ಕೆಜಿ. ಟೈರಿಗೂ ಗಾಳಿಗೂ ಸೇರಿಸಿ 180 ಕೆಜಿ ಅನ್ನಿ. ಮೋಟಾರಿನ ಕೈಲಿರುವ ಬಲದ ಕಾಲು ಭಾಗ ಅಷ್ಟೇ. ಗಂಟೆಗೆ 40 ಕಿ.ಮೀ.ನಲ್ಲಿ ಹತ್ತುತ್ತಿದ್ದರೆ ಖರ್ಚಾಗುವ ಪವರ್ 20 ಕಿಲೋವ್ಯಾಟ್ ಆಸುಪಾಸು. 95ರ ಮೋಟಾರಿಗೆ ಇದು ದೊಡ್ಡ ಕೆಲಸವೇ ಅಲ್ಲ.

ಪೂರ್ತಿ ಟಾರ್ಕ್ ಸಿಗುವುದು ಎಲ್ಲಿಯವರೆಗೆ ಅಂತಲೂ ನೋಡಬಹುದು. 95 ಕಿಲೋವ್ಯಾಟನ್ನು 245 ನ್ಯೂಟನ್ ಮೀಟರಿನಿಂದ ಭಾಗಿಸಿ ಆರ್‌ಪಿಎಂಗೆ ಬದಲಿಸಿದರೆ 3700 ಬರುತ್ತದೆ. ಒಂಬತ್ತರ ಗೇರಿನಲ್ಲಿ ಅದು ಗಂಟೆಗೆ ಸುಮಾರು 48 ಕಿ.ಮೀ. ಘಾಟಿಯಲ್ಲಿ ನಾವು ಓಡಿಸುವ ವೇಗವೂ ಸರಿಸುಮಾರು ಅಷ್ಟೇ. ತಿರುವಿನಲ್ಲಿ 15ಕ್ಕೆ ಇಳಿದು ಮತ್ತೆ 45ಕ್ಕೆ ಏರುವಾಗ ಇಡೀ ಹೊತ್ತು ಮೋಟಾರಿನ ಪೂರ್ತಿ ಟಾರ್ಕ್ ಕಾಲಡಿಯಲ್ಲಿ ಇರುತ್ತದೆ. ಪೆಟ್ರೋಲ್ ಕಾರಿನವರು ಅದೇ ತಿರುವಿನಲ್ಲಿ ಫಸ್ಟೋ ಸೆಕೆಂಡೋ ಅಂತ ಯೋಚಿಸಬೇಕು. ಹೇರ್‌ಪಿನ್ ತಿರುವಿನಿಂದ ಎಲೆಕ್ಟ್ರಿಕ್ ಕಾರು ಚಕ್ಕನೆ ಏಳುವುದು ನೋಡಿ ಜನ ಬೆರಗಾಗುವುದು ಈ ಕಾರಣಕ್ಕೆ.

ಹಾಗಿದ್ದರೆ ಒಂಬತ್ತೇ ಯಾಕೆ? ಹದಿನೈದು ಇಟ್ಟರೆ ಇನ್ನೂ ಜಾಸ್ತಿ ಎಳೆಯುತ್ತಿತ್ತಲ್ಲ? ಇದಕ್ಕೆ ಉತ್ತರ ಟೈರಿನಲ್ಲಿದೆ. ಮುಂದಿನ ಚಕ್ರ ಎಳೆಯುವ ಕಾರು ಅಂತಿಟ್ಟುಕೊಂಡರೆ ಆ ಎರಡು ಚಕ್ರಗಳ ಮೇಲೆ ಕೂತಿರುವುದು ಅರ್ಧ ತೂಕ, 900 ಕೆಜಿ. ಒಣ ಡಾಂಬರಿನ ಮೇಲೆ ಟೈರಿನ ಹಿಡಿತ ಅದರ 80 ಪರ್ಸೆಂಟ್ ಅಂದರೆ 720 ಕೆಜಿ. ನಮ್ಮ ಮೋಟಾರ್ ಕೊಡುವುದೂ ಅಷ್ಟೇ! ಅದಕ್ಕಿಂತ ಜಾಸ್ತಿ ಬಲ ಕೊಟ್ಟರೆ ಗಾಡಿ ಮುಂದೆ ಹೋಗುವುದಿಲ್ಲ, ಚಕ್ರ ಸುಮ್ನೆ ಜಾರಿ ಸುತ್ತುತ್ತದೆ. ನಾನು ಹಿಡಿದ ಅಂಕಿಗಳು ಇಲ್ಲಿ ಚೆನ್ನಾಗಿ ಕೂಡಿಬಂದಿವೆ, ಎಲ್ಲ ಕಾರಿನಲ್ಲೂ ಇಷ್ಟು ಸರಿಯಾಗಿ ಕೂಡುವುದಿಲ್ಲ. ಆದರೆ ಎಂಜಿನಿಯರುಗಳು ಅನುಪಾತ ಆರಿಸುವಾಗ ಕೆಳಗಿನ ವೇಗದ ಗಡಿಯಾಗಿ ನೋಡುವುದು ಇದನ್ನೇ.

ಕಾಫಿ ತೋಟದೊಳಗಿನ ರಸ್ತೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ನಾಲ್ಕಕ್ಕೆ ಒಂದರ ಕಡಿದಾದ ಏರು, ಮಳೆಗಾಲದ ಕೆಸರು. ಹತ್ತಲು ಸುಮಾರು 510 ಕೆಜಿ ಬಲ ಬೇಕು. ಮೋಟಾರಿನ ಹತ್ತಿರ 720 ಇದೆ, ಆದ್ದರಿಂದ ಗೇರಿನ ಕೊರತೆ ಇಲ್ಲ. ಆದರೆ ಕೆಸರಿನಲ್ಲಿ ಟೈರಿನ ಹಿಡಿತ ಅರ್ಧಕ್ಕೆ ಇಳಿದು 360 ಕೆಜಿ ಆಗಿರುತ್ತದೆ. ಏರಿನಲ್ಲಿ ತೂಕ ಹಿಂದಕ್ಕೆ ಸರಿಯುವುದರಿಂದ ಇನ್ನೂ ಕಮ್ಮಿ. ಚಕ್ರ ಜಾರುತ್ತದೆ, ಗಾಡಿ ಹತ್ತುವುದಿಲ್ಲ. ಆಗ "ಒಂದೇ ಗೇರ್ ಅಲ್ವಾ, ಅದಕ್ಕೇ ಹತ್ತಲಿಲ್ಲ" ಅನ್ನುವವರಿದ್ದಾರೆ. ಕಾರಣ ಅದಲ್ಲ. ಎಳೆಯುವ ಬಲ ಮಿಕ್ಕಿದೆ, ಹಿಡಿತ ಸಾಲದು. ಆ ಜಾಗಕ್ಕೆ ಬೇಕಾದದ್ದು ನಾಲ್ಕೂ ಚಕ್ರ ಎಳೆಯುವ ಜೀಪು, ಮತ್ತು ಕೆಸರಿನ ಟೈರು. ಚಕ್ರ ತಿರುಗಿದ್ದರೆ ಹಿಡಿತದ ತೊಂದರೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಚಕ್ರ ತಿರುಗದೆ ನಿಂತಿದ್ದರೆ ಬಲದ ತೊಂದರೆ. ಎರಡನ್ನು ಗುರುತಿಸುವುದು ಇಷ್ಟು ಸುಲಭ.

ಮೇಲಿನ ವೇಗದ ಗಡಿ ಆರ್‌ಪಿಎಂನದು. ಒಂಬತ್ತರ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ಅಂದರೆ ಮೋಟಾರ್ 7700 ಆರ್‌ಪಿಎಂನಲ್ಲಿರುತ್ತದೆ, 140 ಅಂದರೆ 10,800. ನಮ್ಮ ಸಾಮಾನ್ಯ ಪೆಟ್ರೋಲ್ ಕಾರಿನ ಇಂಜಿನ್ನಿಗೆ ಇದು ಆಗದ ಮಾತು. ಅಲ್ಲಿ ಪಿಸ್ಟನ್ ಮೇಲೆ ಹೋಗಿ, ನಿಂತು, ಕೆಳಗೆ ಬರಬೇಕು. ಮೋಟಾರಿನಲ್ಲಿ ಒಂದೇ ದಿಕ್ಕಿಗೆ ತಿರುಗುವ ರೋಟರ್ ಬಿಟ್ಟರೆ ಅಲುಗುವುದು ಬೇರೆ ಇಲ್ಲ. ಗಂಟೆಗೆ 100 ಕಿ.ಮೀ.ನಲ್ಲಿ ಅದರ ಟಾರ್ಕ್ ಅರ್ಧಕ್ಕಿಂತ ಕೆಳಗೆ ಇಳಿದಿರುತ್ತದೆ, ಆದರೂ ಚಕ್ರದಲ್ಲಿ 350 ಕೆಜಿ ಬಲ ಉಳಿದಿರುತ್ತದೆ. ಸಮತಟ್ಟು ರಸ್ತೆಗೆ ಬೇಕಾದದ್ದು 55 ಕೆಜಿ. ಕೆಳಗಿನ ಗಡಿಯೂ ಮೇಲಿನ ಗಡಿಯೂ ಒಂದೇ ಅನುಪಾತದೊಳಗೆ ಕೂತವು. ಎರಡನೇ ಗೇರಿಗೆ ಮಾಡಲು ಕೆಲಸವೇ ಉಳಿಯಲಿಲ್ಲ.

ಇಷ್ಟು ಓದಿದವರಿಗೆ ಉಲ್ಟಾ ಪ್ರಶ್ನೆ ಬರಬಹುದು. ಆ ಒಂದು ಗೇರಾದರೂ ಯಾಕೆ, ಮೋಟಾರನ್ನು ನೇರ ಚಕ್ರಕ್ಕೇ ಜೋಡಿಸಬಹುದಲ್ಲ? ಜೋಡಿಸಬಹುದು, ಆದರೆ ಆ ಮೋಟಾರ್ ಒಂದೇ 2200 ನ್ಯೂಟನ್ ಮೀಟರ್ ಕೊಡಬೇಕಾಗುತ್ತದೆ. ಮೋಟಾರಿನ ಗಾತ್ರವನ್ನು ತೀರ್ಮಾನಿಸುವುದು ಅದರ ಪವರ್ ಅಲ್ಲ, ಟಾರ್ಕ್. ಒಂಬತ್ತು ಪಟ್ಟು ಟಾರ್ಕ್ ಬೇಕಾದರೆ ಸುಮಾರು ಒಂಬತ್ತು ಪಟ್ಟು ತಾಮ್ರ, ಕಬ್ಬಿಣ, ಅಯಸ್ಕಾಂತ ಹಾಕಬೇಕು. ಅದರ ಬದಲು ಚಿಕ್ಕ ಮೋಟಾರನ್ನು ಜೋರಾಗಿ ತಿರುಗಿಸಿ ಹಲ್ಲಿನ ಚಕ್ರದಿಂದ ವೇಗ ಇಳಿಸುವುದೇ ಅಗ್ಗ, ಹಗುರ. ಅದಕ್ಕೇ ಇದರ ಹೆಸರು ರಿಡಕ್ಷನ್ ಗೇರ್. ಒಳಗೆ ಸಾಮಾನ್ಯವಾಗಿ ಎರಡು ಹಂತ ಇರುತ್ತದೆ. 25 ಹಲ್ಲಿನದು 75 ಹಲ್ಲಿನದನ್ನು ತಿರುಗಿಸಿದರೆ ಮೂರು ಪಟ್ಟು, ಅದೇ ಶಾಫ್ಟಿನ ಇನ್ನೊಂದು 25 ಹಲ್ಲಿನದು ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ 75ನ್ನು ತಿರುಗಿಸಿದರೆ ಮತ್ತೆ ಮೂರು ಪಟ್ಟು. ಮೂರು ಮೂರಲಿ ಒಂಬತ್ತು. ಒಂದೇ ಹಂತದಲ್ಲಿ ಮಾಡಲು ಹೋದರೆ 20 ಹಲ್ಲಿಗೆ 180 ಹಲ್ಲಿನ ದೊಡ್ಡ ಚಕ್ರ ಬೇಕು, ಅದು ಗಾಡಿಯ ತಳಕ್ಕೆ ಜೋತುಬಿದ್ದು ರಸ್ತೆಯ ಉಬ್ಬಿಗೆ ತಾಗುತ್ತದೆ.

ಎರಡು ಗೇರಿನ ಪ್ರಯತ್ನಗಳು ನಡೆಯದೆ ಇಲ್ಲ. ಟೆಸ್ಲಾ ತನ್ನ ಮೊದಲ ಕಾರು ರೋಡ್‌ಸ್ಟರಿಗೆ ಎರಡು ಗೇರಿನ ಪೆಟ್ಟಿಗೆಯನ್ನೇ ಯೋಚಿಸಿತ್ತು. ಗೇರ್ ಬದಲಾಗುವಾಗ ಮೋಟಾರಿನ ಹೊಡೆತಕ್ಕೆ ಅದು ಬಾಳಿಕೆ ಬರಲಿಲ್ಲ. 2008ರಲ್ಲಿ ಮೊದಲ ಕಾರುಗಳನ್ನು ಎರಡನೇ ಗೇರಿನಲ್ಲೇ ಲಾಕ್ ಮಾಡಿ ಕೊಟ್ಟರು. ಆಮೇಲೆ ಮೋಟಾರಿಗೆ ಜಾಸ್ತಿ ಕರೆಂಟ್ ಕೊಡುವ ಇನ್ವರ್ಟರ್ ಮಾಡಿ, ಒಂದೇ ಗೇರಿನ ಪೆಟ್ಟಿಗೆ ಹಾಕಿದರು. ಗೇರಿನ ಸಮಸ್ಯೆಯನ್ನು ಗೇರಿನಿಂದ ಬಿಡಿಸದೆ ಕರೆಂಟಿನಿಂದ ಬಿಡಿಸಿದ್ದು ನನಗೆ ತುಂಬಾ ಇಷ್ಟವಾದ ಸಂಗತಿ. ಇನ್ನೊಂದು ಕಡೆ ಪೋರ್ಷೆ ಟೈಕಾನ್ 2019ರಲ್ಲಿ ಹಿಂದಿನ ಆಕ್ಸಲಿಗೆ ಎರಡು ಗೇರ್ ಹಾಕಿಯೇ ಬಂತು. ಮೊದಲನೆಯದು ಸುಮಾರು ಹದಿನೈದೂವರೆ, ಎರಡನೆಯದು ಎಂಟು. ಗಂಟೆಗೆ 260 ಕಿ.ಮೀ. ಓಡಬೇಕು, ನಿಂತಲ್ಲಿಂದ ಹಾರಿಯೂ ಬಿಡಬೇಕು ಅನ್ನುವ ಕಾರು ಅದು. ಎರಡು ಗಡಿಗಳ ನಡುವಿನ ಅಂತರ ಒಂದು ಅನುಪಾತಕ್ಕೆ ಹಿಡಿಸಲಿಲ್ಲ. ಭಾರದ ಲಾರಿಗಳದ್ದೂ ಅದೇ ಕಥೆ. ವೋಲ್ವೋದ ಎಫ್‌ಎಚ್ ಎಲೆಕ್ಟ್ರಿಕ್ ಲಾರಿ 12 ಗೇರಿನ ಪೆಟ್ಟಿಗೆಯೊಂದಿಗೆ ಬಂದಿದೆ. 40 ಟನ್ ಹೊತ್ತು ಏರಿನಲ್ಲಿ ನಿಂತು ಹೊರಡಬೇಕು ಅಂದರೆ ಒಂದು ಗೇರ್ ಸಾಲದು. ಮನೆ ಬಳಕೆಯ ಕಾರಿಗೆ ಮಾತ್ರ ಎರಡನೇ ಗೇರ್ ತರುವ ತೂಕ, ಖರ್ಚು, ಬದಲಾಗುವಾಗಿನ ಜರ್ಕು ಇವೆಲ್ಲ ಲಾಭಕ್ಕಿಂತ ಜಾಸ್ತಿ.

ಇನ್ನು ನಮ್ಮ ರಸ್ತೆಗಳಲ್ಲಿ ಓಡಿಸುವವರು ಗಮನಿಸಬೇಕಾದ ಎರಡು ವಿಷಯ. ಮೊದಲನೆಯದು ಏರಿನಲ್ಲಿ ನಿಲ್ಲುವುದು. ಘಾಟಿಯಲ್ಲಿ ಟ್ರಾಫಿಕ್ ಜಾಮ್ ಆದಾಗ ಪೆಟ್ರೋಲ್ ಕಾರಿನವರು ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸುತ್ತಾರೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಸುಡಲು ಕ್ಲಚ್ ಇಲ್ಲ. ಆದರೆ ಬ್ರೇಕ್ ಹಿಡಿಯದೆ ಆಕ್ಸಿಲರೇಟರನ್ನೇ ಸ್ವಲ್ಪ ಒತ್ತಿ ನಿಂತರೆ ಬೇರೆ ತೊಂದರೆ ಇದೆ. ತಿರುಗುವ ಮೋಟಾರಿನಲ್ಲಿ ಕರೆಂಟ್ ಮೂರು ಸುರುಳಿಗಳಿಗೆ ಸರದಿಯಂತೆ ಹಂಚಿಹೋಗುತ್ತದೆ. ನಿಂತ ಮೋಟಾರಿನಲ್ಲಿ ಸರದಿ ಮುಂದೆ ಹೋಗುವುದಿಲ್ಲ, ಹೆಚ್ಚಿನ ಹೊರೆ ಒಂದೇ ಸುರುಳಿಯ ಮೇಲೆ, ಇನ್ವರ್ಟರಿನ ಅದೇ ಒಂದೆರಡು ಸ್ವಿಚ್ಚುಗಳ ಮೇಲೆ ಬೀಳುತ್ತದೆ. ಅವು ಬೇಗ ಬಿಸಿಯಾಗುತ್ತವೆ, ತಮ್ಮನ್ನು ಉಳಿಸಿಕೊಳ್ಳಲು ಇನ್ವರ್ಟರ್ ಟಾರ್ಕ್ ಇಳಿಸುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ. ನಿಂತಾಗ ಬ್ರೇಕ್ ಅಥವಾ ಆಟೋ ಹೋಲ್ಡ್ ಬಳಸಿ, ಹೊರಡುವಾಗ ಮಾತ್ರ ಆಕ್ಸಿಲರೇಟರ್ ಒತ್ತಿ.

ಎರಡನೆಯದು ಇಳಿಯುವುದು. ಇದು ಹೆಚ್ಚು ಮುಖ್ಯ. ಪೆಟ್ರೋಲ್ ಕಾರಿನಲ್ಲಿ ಸೆಕೆಂಡಿಗೆ ಹಾಕಿ ಇಂಜಿನ್ನಿನಿಂದಲೇ ಗಾಡಿಯನ್ನು ತಡೆದು ಇಳಿಸುತ್ತೇವೆ. ಒಂದೇ ಗೇರಿನ ಕಾರಿನಲ್ಲಿ ಇಳಿಸಲು ಇನ್ನೊಂದು ಗೇರ್ ಇಲ್ಲ. ಆ ಕೆಲಸವನ್ನು ಮಾಡುವುದು ಮೋಟಾರೇ. ಜನರೇಟರ್ ಆಗಿ ತಿರುಗಿ, ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತ ಗಾಡಿಯನ್ನು ತಡೆಯುತ್ತದೆ. ಇದಕ್ಕೇ ರೀಜನ್ ಅನ್ನುವುದು. ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ ನಮ್ಮ 1800 ಕೆಜಿ ಕಾರನ್ನು ಒಂದೇ ವೇಗದಲ್ಲಿ ಹಿಡಿದಿಡಲು ಬೇಕಾದದ್ದು ಸುಮಾರು 120 ಕೆಜಿ ಬಲ. ಮೋಟಾರಿಗೆ ಅದು ಸುಲಭ, ಬ್ರೇಕ್ ಮುಟ್ಟದೆಯೇ ಬಹುಪಾಲು ಇಳಿಯಬಹುದು.

ಆದರೆ ಆ ಕರೆಂಟ್ ಹೋಗಲು ಬ್ಯಾಟರಿಯಲ್ಲಿ ಜಾಗ ಬೇಕು. ಮಡಿಕೇರಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ಬೆಳಿಗ್ಗೆ 100 ಪರ್ಸೆಂಟಿನಲ್ಲಿ ಮಂಗಳೂರಿಗೆ ಹೊರಟರೆ ಘಾಟಿ ಶುರುವಾಗುವಾಗ ಬ್ಯಾಟರಿ ತುಂಬಿಯೇ ಇರುತ್ತದೆ. ಕಾಲು ತೆಗೆದರೂ ಗಾಡಿ ನಿಧಾನ ಆಗುವುದಿಲ್ಲ, ನ್ಯೂಟ್ರಲ್ಲಿನಲ್ಲಿ ಬಿಟ್ಟಂತೆ ಓಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ರೀಜನ್ ಗುರುತು ಮಂಕಾಗಿರುವುದೋ, ಅದರ ಪಟ್ಟಿ ಗಿಡ್ಡವಾಗಿರುವುದೋ ಕಾಣುತ್ತದೆ. ಆಗ ಎಲ್ಲ ಭಾರ ಬ್ರೇಕ್ ಪ್ಯಾಡಿನ ಮೇಲೆ. ಒಂದೇ ಸಮನೆ ಒತ್ತಿಕೊಂಡು ಇಳಿದರೆ ಅವು ಕಾದು ಹಿಡಿತ ಬಿಡುತ್ತವೆ.

ಎಷ್ಟು ಜಾಗ ಬಿಡಬೇಕು ಅಂತ ಲೆಕ್ಕ ಹಾಕಬಹುದು. ಮಡಿಕೇರಿಯಿಂದ ಸಂಪಾಜೆಗೆ 25 ಕಿ.ಮೀ. ಆಸುಪಾಸು, ಇಳಿತ ಸುಮಾರು 1000 ಮೀಟರ್. 1800 ಕೆಜಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ 5 ಯೂನಿಟ್ ಹತ್ತಿರ. ಟೈರಿಗೂ ಗಾಳಿಗೂ ಎರಡು ಯೂನಿಟ್ ಹೋಗುತ್ತದೆ. ಉಳಿದ ಮೂರು ಯೂನಿಟ್‌ನಲ್ಲಿ ಸ್ವಲ್ಪ ಮೋಟಾರಿನಲ್ಲಿ, ಸ್ವಲ್ಪ ತಿರುವಿನಲ್ಲಿ ಹಿಡಿಯುವ ಬ್ರೇಕಿನಲ್ಲಿ ಕಳೆದು ಬಾಕಿಯದ್ದು ಬ್ಯಾಟರಿಗೆ ಬರುತ್ತದೆ. 30 ಯೂನಿಟ್ ಬ್ಯಾಟರಿಗೆ ಆ ಮೂರು ಯೂನಿಟ್ ಅಂದರೆ 10 ಪರ್ಸೆಂಟ್. ತುಂಬುತ್ತ ಬಂದ ಬ್ಯಾಟರಿ ಕರೆಂಟನ್ನು ನಿಧಾನವಾಗಿ ತೆಗೆದುಕೊಳ್ಳುವುದರಿಂದ ಇನ್ನೂ ಸ್ವಲ್ಪ ಜಾಗ ಇರಲಿ. ಚಾರ್ಜ್ ಮಿತಿಯನ್ನು 85ಕ್ಕೆ ಇಟ್ಟು ಇಳಿದರೆ ಸಂಪಾಜೆ ಗೇಟ್ ಮುಟ್ಟುವವರೆಗೂ ಮೋಟಾರ್ ಗಾಡಿಯನ್ನು ಹಿಡಿದುಕೊಂಡೇ ಇರುತ್ತದೆ, ಮೀಟರಿನಲ್ಲಿ ಪರ್ಸೆಂಟ್ ಹೊರಟಾಗ ಇದ್ದದ್ದಕ್ಕಿಂತ ಜಾಸ್ತಿಯೇ ಕಾಣುತ್ತದೆ.